ದುಬೈಗೆ ಹೊರಟು ಮೂರು ಸಲ ವಾಪಸ್ ಬಂದ ಮನೆ ಮಾರಿದ ರೊಕ್ಕ: ಕಲಬುರಗಿಯ ಒಂದು ಪ್ರಕರಣ

2024ರ ಡಿಸೆಂಬರ್ ಮೊದಲ ವಾರ. ನಮ್ಮ ಸಿಎ ಕಚೇರಿಗೆ ಒಬ್ಬರು ಪ್ಲಾಸ್ಟಿಕ್ ಕವರಿನ ತುಂಬ ಕಾಗದ ತುಂಬಿಕೊಂಡು ಬಂದರು. ಕುಳಿತವರೇ ಬ್ಯಾಂಕಿನ ಒಂದು ಪತ್ರ ಮುಂದಿಟ್ಟರು. "ಸರ, ನನ್ನ ಹೆಂಡ್ತಿ ಅಣ್ಣ ದುಬೈದಾಗ ಇರ್ತಾನ. ಜೇವರ್ಗಿ ರೋಡಿನ ಮನಿ ಮಾರೀವಿ. ರೊಕ್ಕ ಬ್ಯಾಂಕಿನ್ಯಾಗ ಅದ, ಆದ್ರ ಕಳಸ್ಲಾಕ ಬರಂಗಿಲ್ಲ ಅಂತಾರ. ನಿಮ್ಮದೊಂದು ಸರ್ಟಿಫಿಕೇಟ್ ಬೇಕಂತ."

ಬ್ಯಾಂಕಿನ ಪತ್ರದಲ್ಲಿ ಎಂಟು ದಾಖಲೆಗಳ ಪಟ್ಟಿಯಿತ್ತು, ಕೊನೆಯದು ವಿದೇಶಕ್ಕೆ ಕಳಿಸುವ ರೊಕ್ಕದ ತೆರಿಗೆಯ ಬಗ್ಗೆ ಸಿಎ ಕೊಡುವ ಪ್ರಮಾಣಪತ್ರ, ಅಂದರೆ ಫಾರ್ಮ್ 15ಸಿಬಿ. ಉಳಿದ ಏಳೂ ತಮ್ಮ ಹತ್ತಿರ ಇವೆ, ಎಂಟನೆಯದಕ್ಕೆ ಒಂದು ಸಹಿ ಬಿದ್ದರೆ ಮುಗಿಯಿತು ಎಂಬ ಲೆಕ್ಕದಲ್ಲಿ ಅವರು ಬಂದಿದ್ದರು. ಆ ಸಹಿ ಬೀಳಲು ಎರಡು ತಿಂಗಳು ಹಿಡಿಯಿತು. ಇಂಥ ಕುಟುಂಬಗಳು ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಸಾಕಷ್ಟಿವೆ: ಮಗ ಗಲ್ಫಿನಲ್ಲೋ ಅಮೆರಿಕದಲ್ಲೋ ಇರುತ್ತಾನೆ, ಊರಿನ ಮನೆ ಬೀಗ ಹಾಕಿಕೊಂಡಿರುತ್ತದೆ, ಕೊನೆಗೊಂದು ದಿನ ಮಾರುತ್ತಾರೆ. ಹೀಗಾಗಿ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಮೊದಲು ಮನೆಯ ಕಥೆ. ತಂದೆ 1988ರಲ್ಲಿ ನಿವೇಶನ ಕೊಂಡು ಮನೆ ಕಟ್ಟಿಸಿದ್ದರು. 2017ರಲ್ಲಿ ತೀರಿಕೊಂಡರು. ವಾರಸುದಾರರು ಮೂವರು: ತಾಯಿ, ಮಗಳು, ದುಬೈನ ಮಗ. ತಾಯಿ ಮತ್ತು ಮಗಳು ತಮ್ಮ ಪಾಲನ್ನು ಮಗನಿಗೆ ಬಿಟ್ಟುಕೊಟ್ಟು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದರು. 2024ರ ನವೆಂಬರಿನಲ್ಲಿ ಮನೆ 80 ಲಕ್ಷ ರೂಪಾಯಿಗೆ ಮಾರಾಟವಾಯಿತು. ಮಗ ಬರಲಾಗಲಿಲ್ಲ, ದುಬೈನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಿದ, ತಂಗಿಯ ಗಂಡ ಸಹಿ ಮಾಡಿದರು. ಕೊಂಡವರು ಸೂಪರ್ ಮಾರ್ಕೆಟ್ ಕಡೆಯ ಬಟ್ಟೆ ವ್ಯಾಪಾರಿ, ಪ್ರಾಮಾಣಿಕ ಮನುಷ್ಯ. ಪೂರ್ತಿ ರೊಕ್ಕ ಬ್ಯಾಂಕ್ ಮೂಲಕವೇ ಕೊಟ್ಟಿದ್ದರು. ನಗದಿನ ಒಂದು ರೂಪಾಯಿಯೂ ಇರಲಿಲ್ಲ ಎಂಬುದು ಮುಂದೆ ನಮಗೆ ದೊಡ್ಡ ಆಸರೆಯಾಯಿತು.

ಇಂಥ ರೊಕ್ಕ ಹೊರಗೆ ಹೋಗುವ ದಾರಿ, ಅನಿವಾಸಿಗಳು ಭಾರತದಲ್ಲಿನ ತಮ್ಮ ಆದಾಯ ಇಡುವ ಎನ್‌ಆರ್‌ಒ ಖಾತೆ. ಅಲ್ಲಿಂದ ಒಬ್ಬ ಅನಿವಾಸಿ ಭಾರತೀಯ ಒಂದು ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಎಲ್ಲ ಬ್ಯಾಂಕುಗಳ ಎನ್‌ಆರ್‌ಒ ಖಾತೆಗಳೂ ಸೇರಿ, 10 ಲಕ್ಷ ಅಮೆರಿಕನ್ ಡಾಲರ್ ತನಕ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ಅನುಮತಿ ಇಲ್ಲದೆ ಕಳಿಸಬಹುದು. ಪಿತ್ರಾರ್ಜಿತ ಆಸ್ತಿಯ ರೊಕ್ಕವೂ ಇದರಲ್ಲೇ ಬರುತ್ತದೆ. ನಮ್ಮ ಮೊತ್ತ ಆ ಮಿತಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ತೊಡಕಿದ್ದದ್ದು ಕಾಗದಗಳಲ್ಲಿ.

ಶಾಖೆಯವರು ಕಡತವನ್ನು ಬೆಂಗಳೂರಿನ ವಿದೇಶಿ ವಿನಿಮಯ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಕೂತವರಿಗೆ ಈ ಮನೆಯೂ ಗೊತ್ತಿಲ್ಲ, ಮನೆತನವೂ ಗೊತ್ತಿಲ್ಲ. ಅವರು ಕಾಗದದಿಂದ ಮೂರು ಸಂಗತಿ ತಿಳಿಯಬೇಕು: ಈ ಮನೆ ಇವನದೇ ಹೌದೋ, ಖಾತೆಯಲ್ಲಿರುವ ರೊಕ್ಕ ಆ ಮನೆಯದೇ ಹೌದೋ, ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆ ಸಂದಿದೆಯೋ. ನಮ್ಮ ಕಡತ ಮೂರರಲ್ಲೂ ಒಂದೊಂದು ಸಲ ವಾಪಸ್ ಬಂತು.

ಮೊದಲನೆಯದು ಬೇಗ ಮುಗಿಯಿತು. ಕ್ರಯಪತ್ರದ ಪ್ರತಿ ಕೊಟ್ಟಿದ್ದರು, ತಂದೆಯ 1988ರ ಕ್ರಯಪತ್ರವನ್ನೂ ಕೊಟ್ಟಿದ್ದರು. ನಡುವಿನ ಕೊಂಡಿಗಳನ್ನು ಬಿಟ್ಟಿದ್ದರು. ತಂದೆಯ ಮನೆ ಮಗನಿಗೆ ಹೇಗೆ ಬಂತು ಎಂಬುದಕ್ಕೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ತಾಯಿ ಮತ್ತು ತಂಗಿಯ ಹಕ್ಕು ಬಿಡುಗಡೆ ಪತ್ರ, ಮಹಾನಗರ ಪಾಲಿಕೆಯಲ್ಲಿ ಖಾತೆ ಬದಲಾದ ದಾಖಲೆ, ಇಷ್ಟೂ ಬೇಕು. ಎಲ್ಲ ಮನೆಯ ಟ್ರಂಕಿನಲ್ಲೇ ಇದ್ದವು. ಒಂದು ಮಾತ್ರ ಸರಿಪಡಿಸಬೇಕಾಯಿತು: ವಂಶವೃಕ್ಷದಲ್ಲಿ ಮಗನ ಹೆಸರಿನ ಜೊತೆ ಅಡ್ಡಹೆಸರಿತ್ತು, ಪಾಸ್‌ಪೋರ್ಟಿನಲ್ಲಿ ಇರಲಿಲ್ಲ. ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಹಾಕಿದೆವು. ನಮ್ಮ ಕಡೆ ಅಡ್ಡಹೆಸರು ಕೆಲವು ಕಾಗದದಲ್ಲಿ ಇದ್ದು ಕೆಲವದರಲ್ಲಿ ಇಲ್ಲದಿರುವುದು ಸಾಮಾನ್ಯ. ಬೆಂಗಳೂರಿನ ಮೇಜಿನ ಮೇಲೆ ಅದು ಇಬ್ಬರು ಬೇರೆ ಬೇರೆ ಮನುಷ್ಯರಾಗಿ ಕಾಣುತ್ತದೆ.

ಎರಡನೆಯದು ಖಾತೆಯ ವಿಷಯ. ರೊಕ್ಕ ಬಂದು ಬಿದ್ದಿದ್ದು ಮಗ ಕಾಲೇಜಿನಲ್ಲಿದ್ದಾಗ ತೆಗೆದ ಸಾಮಾನ್ಯ ಉಳಿತಾಯ ಖಾತೆಗೆ. ಅವನು ದುಬೈಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಅನಿವಾಸಿ ಆದ ಮೇಲೆ ಆ ಖಾತೆಯನ್ನು ಎನ್‌ಆರ್‌ಒ ಎಂದು ಬದಲಿಸಿಕೊಳ್ಳಬೇಕಿತ್ತು, ಯಾರೂ ಬದಲಿಸಿರಲಿಲ್ಲ. ಬ್ಯಾಂಕಿಗೆ ತಿಳಿಸುವುದು ಖಾತೆದಾರನ ಜವಾಬ್ದಾರಿ. ಎಟಿಎಂ ಕಾರ್ಡ್ ನಡೆಯುತ್ತಿರುವ ತನಕ ಅದು ಯಾರ ತಲೆಗೂ ಬರುವುದಿಲ್ಲ. ಪಾಸ್‌ಪೋರ್ಟ್, ವೀಸಾ, ದುಬೈ ವಿಳಾಸದ ಪುರಾವೆ, ಹೊಸ ಕೆವೈಸಿ ಅರ್ಜಿ ಕೊಟ್ಟು ಅದೇ ಖಾತೆಯನ್ನು ಎನ್‌ಆರ್‌ಒ ಆಗಿ ಪರಿವರ್ತಿಸಿದೆವು. ಹೊಸ ಖಾತೆ ತೆಗೆದು ರೊಕ್ಕ ಅಲ್ಲಿಗೆ ಸರಿಸುವ ಯೋಚನೆಯೂ ಬಂದಿತ್ತು. ಬೇಡ ಎಂದೆ. ಕೊಂಡವರ ಖಾತೆಯಿಂದ ಬಂದ ಜಮೆ ಮತ್ತು ಹೊರಗೆ ಹೋಗುವ ಖರ್ಚು ಒಂದೇ ಸ್ಟೇಟ್‌ಮೆಂಟಿನಲ್ಲಿ ಕಂಡರೆ, ರೊಕ್ಕದ ಜಾಡು ಹಿಡಿಯುವವರಿಗೆ ಅನುಮಾನ ಉಳಿಯುವುದಿಲ್ಲ.

ಆ ಖಾತೆಯಲ್ಲಿ ಹಳೆಯ ಬಾಡಿಗೆಯ ರೊಕ್ಕವೂ ಸ್ವಲ್ಪ ಇತ್ತು. ಬಾಡಿಗೆ ಬೇರೆ ಬಾಬತ್ತು, ಅದರ ತೆರಿಗೆಯ ಲೆಕ್ಕವೂ ಬೇರೆ. ಕಳಿಸುವ ಮೊತ್ತ ಮನೆ ಮಾರಿದ ರೊಕ್ಕದೊಳಗೇ ಇರಲಿ ಎಂದು ತೀರ್ಮಾನಿಸಿ ಅದನ್ನು ಮುಟ್ಟಲಿಲ್ಲ.

ಇನ್ನು ಮೂರನೆಯದು. ಎರಡು ತಿಂಗಳು ಹಿಡಿದದ್ದು ಇಲ್ಲಿ.

15ಸಿಬಿ ಬರೆಯುವ ಮುನ್ನ ನಾನು ಮೊದಲು ಕೇಳಿದ್ದು ತೆರಿಗೆ ಕಡಿತದ ಕಾಗದ. ತಂಗಿಯ ಗಂಡ ಹೆಮ್ಮೆಯಿಂದ ಒಂದು ಚಲನ್ ತೆಗೆದುಕೊಟ್ಟರು. ಕೊಂಡವರು ಬೆಲೆಯಿಂದ ಹಿಡಿದ ತೆರಿಗೆಯನ್ನು ಕಟ್ಟುವ ಫಾರ್ಮ್ 26ಕ್ಯೂಬಿ, 80,000 ರೂಪಾಯಿ, ಬೆಲೆಯ ಶೇ. 1. ಅದನ್ನು ನೋಡಿದಾಗಲೇ ಇದು ಇವತ್ತಿಗೆ ಮುಗಿಯುವ ಕೆಲಸವಲ್ಲ ಎಂದು ತಿಳಿಯಿತು.

ಶೇ. 1ರ ಕಡಿತ 194-ಐಎ ಕಲಮಿನದು. ಮಾರುವವರು ಇಲ್ಲಿನ ನಿವಾಸಿಯಾಗಿದ್ದು, ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಿದ್ದರೆ ಮಾತ್ರ ಅದು ಅನ್ವಯ. ಮಾರುವವರು ಅನಿವಾಸಿಯಾದರೆ ಕಲಮು 195. ಅಲ್ಲಿ 50 ಲಕ್ಷದ ಮಿತಿ ಇಲ್ಲ. 15 ಲಕ್ಷದ ನಿವೇಶನ ಮಾರಿದರೂ ಕಡಿತ ಮಾಡಲೇಬೇಕು. ದರವೂ ಬೇರೆ. 2024ರ ಜುಲೈ 23ರಿಂದ ಈಚಿನ ಮಾರಾಟಕ್ಕೆ ದೀರ್ಘಾವಧಿ ಲಾಭದ ಮೇಲೆ ಶೇ. 12.5. ಲಾಭ 50 ಲಕ್ಷ ದಾಟಿದ್ದರಿಂದ ತೆರಿಗೆಯ ಮೇಲೆ ಶೇ. 10ರ ಸರ್‌ಚಾರ್ಜ್, ಅದರ ಮೇಲೆ ಶೇ. 4ರ ಸೆಸ್. ಒಟ್ಟು ಶೇ. 14.3. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಅಧಿಕಾರಿಯ ಆದೇಶ ಕೈಯಲ್ಲಿಲ್ಲದಿದ್ದಾಗ ಕೊಳ್ಳುವವರು ಪೂರ್ತಿ ಬೆಲೆಯ ಮೇಲೆ ಇದನ್ನು ಹಿಡಿಯುವುದು ರೂಢಿ, ಅವರ ಸುರಕ್ಷೆಗೂ ಅದೇ ದಾರಿ. 80 ಲಕ್ಷಕ್ಕೆ 11,44,000 ರೂಪಾಯಿ. ಕಟ್ಟಿದ್ದು 80,000.

ತಪ್ಪು ಎಲ್ಲಿ ಆಯಿತು ಎಂದು ಹುಡುಕಿದರೆ ಕ್ರಯಪತ್ರದಲ್ಲಿ ಸಿಕ್ಕಿತು. ಮಾರುವವರ ವಿಳಾಸ ಎಂದು ಅದೇ ಜೇವರ್ಗಿ ರೋಡಿನ ಮನೆಯ ವಿಳಾಸ ಬರೆದಿದ್ದರು. ಪತ್ರ ಬರೆದವರು ಆಧಾರ್ ಕಾರ್ಡ್ ನೋಡಿ ಬರೆದಿದ್ದಾರೆ. ಅದನ್ನು ನೋಡಿ ಕೊಂಡವರ ಕಡೆಯವರು 26ಕ್ಯೂಬಿ ತುಂಬಿದ್ದಾರೆ. ಆದರೆ ಅದೇ ಕ್ರಯಪತ್ರಕ್ಕೆ ಲಗತ್ತಾದ ಅಧಿಕಾರ ಪತ್ರದ ಮೇಲೆ ಕಾನ್ಸುಲೇಟಿನ ಮುದ್ರೆ ಇದೆ, ದುಬೈ ವಿಳಾಸ ಇದೆ. ಕಾನ್ಸುಲೇಟಿನ ಮುದ್ರೆ ಕಂಡ ಕೂಡಲೇ ಕೊಳ್ಳುವವರು ನಿಂತು ವಿಚಾರಿಸಬೇಕು.

ವ್ಯಾಪಾರಿಯವರನ್ನು ಕರೆಸಿದೆವು. "ನಾ ಚಲನ್ ತುಂಬೀನಲ್ರಿ ಸರ. ಇನ್ನೇನು ನನ್ನ ಕುತ್ತಿಗಿಗಿ ಬರ್ತದ?" ಎಂದರು. ಅವರ ಮನಸ್ಸಿಗೆ ನೋವಾಗಿತ್ತು, ಅದು ಸಹಜ. ಅವರಿಗೆ ಹೇಳಬೇಕಾದ್ದನ್ನು ನೇರವಾಗಿ ಹೇಳಿದೆ: ಅನಿವಾಸಿಗೆ ರೊಕ್ಕ ಕೊಡುವಾಗ ತೆರಿಗೆ ಹಿಡಿಯುವ ಹೊಣೆ ಕೊಡುವವರದು. ಹಿಡಿಯದಿದ್ದರೆ ಇಲಾಖೆ ಆ ತೆರಿಗೆಯನ್ನೂ ತಿಂಗಳಿಗೆ ಶೇ. 1ರ ಬಡ್ಡಿಯನ್ನೂ ಅವರಿಂದಲೇ ಕೇಳಬಹುದು. ಈಗ ಸರಿಪಡಿಸಿದರೆ ಬಡ್ಡಿ ಒಂದೆರಡು ತಿಂಗಳಿನದು. ನೋಟಿಸ್ ಬರುವ ತನಕ ಬಿಟ್ಟರೆ ವರ್ಷಗಳದು.

ಇನ್ನೊಂದು ದಾರಿಯೂ ಇತ್ತು. ಮಗ ತಾನೇ ಮುಂಗಡ ತೆರಿಗೆ ಕಟ್ಟಿ, ರಿಟರ್ನ್ ಸಲ್ಲಿಸಿ, ಮಾರಿದವನೇ ತೆರಿಗೆ ಕಟ್ಟಿದ್ದಾನೆ ಎಂದು ಹೇಳುವ ಫಾರ್ಮ್ 26ಎಯನ್ನು ಕೊಂಡವರ ಪರವಾಗಿ ಸಿಎಯಿಂದ ಕೊಡಿಸಬಹುದಿತ್ತು. ಆದರೆ ರಿಟರ್ನ್ ಸಲ್ಲಿಸಲು 2025ರ ಏಪ್ರಿಲ್ ದಾಟಬೇಕು. ಅಲ್ಲಿಯ ತನಕ ಕೊಂಡವರ ತಲೆಯ ಮೇಲೆ ಕತ್ತಿ, ನನ್ನ ಪ್ರಮಾಣಪತ್ರದಲ್ಲಿ ತೆರಿಗೆ ಕಡಿತದ ಅಂಕಣ ಅರ್ಧ ಖಾಲಿ. ಹೀಗಾಗಿ ನೇರ ದಾರಿಯನ್ನೇ ಹಿಡಿದೆವು.

ವ್ಯಾಪಾರಿ, ತೆರಿಗೆ ಹಿಡಿಯುವವರಿಗೆ ಇಲಾಖೆ ಕೊಡುವ ಟ್ಯಾನ್ ಸಂಖ್ಯೆಗೆ ಅರ್ಜಿ ಹಾಕಿದರು. 26ಕ್ಯೂಬಿಗೆ ಪ್ಯಾನ್ ಸಾಕು, 195ರ ಕಡಿತಕ್ಕೆ ಟ್ಯಾನ್ ಬೇಕೇ ಬೇಕಿತ್ತು. ಮಗ ತನ್ನ ಎನ್‌ಆರ್‌ಒ ಖಾತೆಯಿಂದ 10,64,000 ರೂಪಾಯಿಯನ್ನು ಅವರಿಗೆ ಹಿಂದಿರುಗಿಸಿದ. ಉಳಿದ 80,000ವನ್ನು ಅವರು ತಮ್ಮ ಕೈಯಿಂದ ಸೇರಿಸಿ, ಡಿಸೆಂಬರ್ ಮಧ್ಯದಲ್ಲಿ 11,44,000 ರೂಪಾಯಿಯನ್ನು ಬಡ್ಡಿಯ ಸಮೇತ ಕಟ್ಟಿದರು. ಮೊದಲು ತಪ್ಪಾಗಿ ಕಟ್ಟಿದ 80,000ವನ್ನು ವಾಪಸ್ ಕೇಳಲು ಟ್ರೇಸಸ್ ಜಾಲತಾಣದಲ್ಲಿ ಬೇರೆ ಅರ್ಜಿ ಹಾಕಿದರು. ಬಡ್ಡಿಯನ್ನು ಎರಡೂ ಕಡೆಯವರು ಅರ್ಧರ್ಧ ಹೊತ್ತರು. ಮಾರಿದವರು ಕೊಂಡವರಿಗೆ ಹತ್ತು ಲಕ್ಷ ಹಿಂದಿರುಗಿಸಿದ್ದು ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ. ವ್ಯವಹಾರ ಮುರಿದುಬಿತ್ತೇ ಎಂದು ಬ್ಯಾಂಕಿನವರು ಕೇಳುವುದು ಖಂಡಿತ. ಅದಕ್ಕೆಂದೇ ಇಬ್ಬರೂ ಸಹಿ ಮಾಡಿದ ಒಂದು ಪುಟದ ವಿವರಣೆ ಪತ್ರವನ್ನು ಅವತ್ತೇ ಬರೆಸಿಟ್ಟೆ. ಆಮೇಲೆ ಅದೇ ಕೆಲಸಕ್ಕೆ ಬಂತು.

ಜನವರಿಯಲ್ಲಿ ಅವರು ಅನಿವಾಸಿಯಿಂದ ಹಿಡಿದ ತೆರಿಗೆಯ ಆ ತ್ರೈಮಾಸಿಕದ ವಿವರಪಟ್ಟಿ 27ಕ್ಯೂ ಸಲ್ಲಿಸಿದರು, ತಿಂಗಳ ಕೊನೆಗೆ ಕಡಿತದ ಪ್ರಮಾಣಪತ್ರ, ಅಂದರೆ ಫಾರ್ಮ್ 16ಎ ಕೈಗೆ ಬಂತು. ಮಗನ ಪ್ಯಾನ್‌ನ ತೆರಿಗೆ ಲೆಕ್ಕದ ಪಟ್ಟಿ 26ಎಎಸ್‌ನಲ್ಲಿ ಕಡಿತ ಕಂಡಿತು. ಅಂದು ನಾನು 15ಸಿಬಿ ಬರೆಯಲು ಕೂತೆ.

ಈ ಪ್ರಮಾಣಪತ್ರದಲ್ಲಿ ಏನಿರುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. "ತೆರಿಗೆ ಕಟ್ಟಿದ್ದಾರೆ" ಎಂಬ ಒಂದು ಸಾಲಿನ ಪತ್ರವಲ್ಲ ಅದು. ಯಾರು ಕಳಿಸುತ್ತಾರೆ, ಯಾರಿಗೆ, ಯಾವ ಬ್ಯಾಂಕಿನ ಯಾವ ಶಾಖೆಯಿಂದ, ಎಷ್ಟು, ಯಾವ ಬಾಬತ್ತಿನದು, ಆ ಆದಾಯ ಭಾರತದ ಕಾಯ್ದೆಯಡಿ ತೆರಿಗೆಗೆ ಒಳಪಡುತ್ತದೆಯೇ, ಯಾವ ಕಲಮಿನಡಿ, ಎರಡು ದೇಶಗಳ ತೆರಿಗೆ ಒಪ್ಪಂದದ ಅನುಕೂಲ ಕೇಳುತ್ತಿದ್ದಾರೆಯೇ, ಎಷ್ಟು ತೆರಿಗೆ ಯಾವ ದರದಲ್ಲಿ ಹಿಡಿಯಲಾಗಿದೆ ಎಂಬುದನ್ನೆಲ್ಲ ಸಿಎ ತನ್ನ ಸದಸ್ಯತ್ವ ಸಂಖ್ಯೆ, ಆ ಪ್ರಮಾಣಪತ್ರದ ಗುರುತು ಸಂಖ್ಯೆಯಾದ ಯುಡಿಐಎನ್ ಸಹಿತ ಹೇಳಬೇಕು. ಇಲ್ಲಿ ಕಳಿಸುವವನೂ ಪಡೆಯುವವನೂ ಒಬ್ಬನೇ. ತನ್ನ ಖಾತೆಯಿಂದ ತನ್ನದೇ ಖಾತೆಗೆ. ಎರಡೂ ಕಡೆ ಅವನ ಹೆಸರೇ ಬರುತ್ತದೆ, ವಿಳಾಸ ದುಬೈನದು.

ಲಾಭದ ಲೆಕ್ಕ ಹೀಗೆ ಬಂತು. ತಂದೆ 2001ಕ್ಕೂ ಮುಂಚೆ ಕೊಂಡಿದ್ದರಿಂದ ಮೂಲ ಬೆಲೆಯ ಬದಲು 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ನೋಂದಾಯಿತ ಮೌಲ್ಯಮಾಪಕರು ಆ ದಿನದ ಬೆಲೆಯನ್ನು 7,20,000 ಎಂದು ಕೊಟ್ಟರು. ದಲ್ಲಾಳಿಗೆ ಕೊಟ್ಟದ್ದು 80,000, ರಸೀದಿ ಇತ್ತು. 80 ಲಕ್ಷದಲ್ಲಿ ಇವೆರಡನ್ನು ಕಳೆದರೆ ಲಾಭ 72 ಲಕ್ಷ. ಬೆಲೆಯೇರಿಕೆಯ ಸೂಚ್ಯಂಕ ಹಚ್ಚಿ ಶೇ. 20ರ ಹಳೆಯ ಲೆಕ್ಕ ಆರಿಸಿಕೊಳ್ಳುವ ಅವಕಾಶ ಇಲ್ಲಿನ ನಿವಾಸಿಗಳಿಗಷ್ಟೇ ಉಳಿದಿದೆ, ಅನಿವಾಸಿಗೆ ಇಲ್ಲ. ಆದ್ದರಿಂದ 72 ಲಕ್ಷಕ್ಕೆ ಶೇ. 12.5, ಸರ್‌ಚಾರ್ಜ್, ಸೆಸ್ ಎಲ್ಲ ಸೇರಿ 10,29,600 ರೂಪಾಯಿ. ಕಡಿತವಾದದ್ದು ಇದಕ್ಕಿಂತ 1,14,400 ಹೆಚ್ಚು.

ಕಡಿಮೆ ಕಡಿತದ ಆದೇಶಕ್ಕೆ ಮಾರುವ ಮುನ್ನವೇ ಫಾರ್ಮ್ 13 ಹಾಕಬೇಕಿತ್ತಲ್ಲ ಎಂದು ಕೇಳುವವರಿದ್ದಾರೆ. ಹಾಕಬಹುದಿತ್ತು. ಆದರೆ ಈ ಮನೆಯಲ್ಲಿ ಬೆಲೆಯ ಬಹುಪಾಲು ಲಾಭವೇ ಆಗಿರುವುದರಿಂದ ಉಳಿಯುತ್ತಿದ್ದದ್ದು ಇಷ್ಟೇ, ಅದೂ ರಿಟರ್ನ್ ಹಾಕಿದರೆ ವಾಪಸ್ ಬರುವಂಥದ್ದು. ಹತ್ತು ವರ್ಷದ ಹಿಂದೆ 65 ಲಕ್ಷಕ್ಕೆ ಕೊಂಡ ಫ್ಲ್ಯಾಟನ್ನು 80ಕ್ಕೆ ಮಾರುವವರ ಸ್ಥಿತಿ ಹಾಗಲ್ಲ. ಅವರ ಲಾಭ 15 ಲಕ್ಷ, ಕಡಿತ ಮಾತ್ರ ಪೂರ್ತಿ 80ರ ಮೇಲೆ. ಅಂಥವರು ಫಾರ್ಮ್ 13 ಹಾಕದೆ ನೋಂದಣಿ ಕಚೇರಿಯ ಮೆಟ್ಟಿಲು ಹತ್ತಬಾರದು.

ನಡುವೆ ಮಗ ದುಬೈನಿಂದ ಫೋನ್ ಮಾಡಿದ. "ಸರ, ಇಲ್ಲಿ ನಮಗ ಟ್ಯಾಕ್ಸೇ ಇಲ್ಲ. ಇಲ್ಲಿಂದ ಟಿಆರ್‌ಸಿ ತಂದು ಕೊಟ್ರ ಅಲ್ಲಿ ಕಟ್ಟೋದು ತಪ್ಪತದಾ?" ಟಿಆರ್‌ಸಿ ಎಂದರೆ ಆ ದೇಶದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರ. ಅದನ್ನು ತಂದರೂ ತಪ್ಪುವುದಿಲ್ಲ. ಭಾರತ ಮತ್ತು ಯುಎಇ ನಡುವಿನ ಒಪ್ಪಂದದ 13ನೇ ವಿಧಿ ಸ್ಥಿರಾಸ್ತಿಯ ಲಾಭಕ್ಕೆ ಆಸ್ತಿ ಇರುವ ದೇಶವೇ ತೆರಿಗೆ ಹಾಕಬಹುದು ಎನ್ನುತ್ತದೆ. ಮನೆ ಜೇವರ್ಗಿ ರೋಡಿನಲ್ಲಿದೆ. ಆದ್ದರಿಂದ 15ಸಿಬಿಯಲ್ಲಿ ಒಪ್ಪಂದದ ಅನುಕೂಲ ಕೇಳಿಲ್ಲ ಎಂದು ಬರೆದೆ.

ಆದಾಯ ತೆರಿಗೆಯ ಪೋರ್ಟಲಿನಲ್ಲಿ ಈ ಕೆಲಸಕ್ಕೆ ಒಂದು ಸರದಿ ಇದೆ. ಮಗ ತನ್ನ ಲಾಗಿನ್‌ನಿಂದ ನನ್ನನ್ನು ತನ್ನ ಸಿಎ ಎಂದು ಸೇರಿಸಿ 15ಸಿಬಿಯನ್ನು ನನಗೆ ವಹಿಸಬೇಕು. ನಾನು ತುಂಬಿ ಡಿಜಿಟಲ್ ಸಹಿಯೊಂದಿಗೆ ಸಲ್ಲಿಸಬೇಕು. ಅದರ ಸ್ವೀಕೃತಿ ಸಂಖ್ಯೆ ಹಿಡಿದು ಅವನು 15ಸಿಎಯ ಭಾಗ ಸಿ ತುಂಬಬೇಕು. 15ಸಿಎ ಸಿಎಯ ಕಾಗದವಲ್ಲ, ಕಳಿಸುವವನ ಸ್ವಂತ ಘೋಷಣೆ. ಅದನ್ನು ಬೇರೆಯವರ ಕೈಗೆ ಪಾಸ್‌ವರ್ಡ್ ಕೊಟ್ಟು ತುಂಬಿಸಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ತಪ್ಪು ಮಾಹಿತಿ ಕೊಟ್ಟರೆ ಒಂದು ಲಕ್ಷದ ತನಕ ದಂಡ ಬೀಳುವುದು ಅವನಿಗೇ.

ಅವನು 60 ಲಕ್ಷ ಕಳಿಸಿಕೊಂಡು ಉಳಿದದ್ದನ್ನು ಅವ್ವನ ಖರ್ಚಿಗೆ ಇಲ್ಲೇ ಇಡಲು ನಿರ್ಧರಿಸಿದ್ದ. 15ಸಿಬಿಯಲ್ಲಿ 60 ಲಕ್ಷ ಎಂದು ಬರೆದೆ. ಅವನು ರಾತ್ರಿ ಕೆಲಸ ಮುಗಿಸಿ ಬಂದು 15ಸಿಎ ಸಲ್ಲಿಸಿದ, ಆದರೆ ಬ್ಯಾಂಕಿನ ಎ2 ಅರ್ಜಿಯಲ್ಲಿ 62 ಲಕ್ಷ ಎಂದು ತುಂಬಿ ಕಳಿಸಿದ. ತಂಗಿ ಮಗಳ ಮದುವೆಗೆ ಒಡವೆ ತರಬೇಕೆಂದು ಆಮೇಲೆ ನೆನಪಾಯಿತಂತೆ. ಎ2 ಎಂದರೆ ರೊಕ್ಕ ಯಾವ ಉದ್ದೇಶಕ್ಕೆ ಹೊರಗೆ ಹೋಗುತ್ತಿದೆ ಎಂದು ಉದ್ದೇಶ ಸಂಕೇತದೊಂದಿಗೆ ಬ್ಯಾಂಕಿಗೆ ಕೊಡುವ ಅರ್ಜಿ ಮತ್ತು ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾದಡಿಯ ಘೋಷಣೆ. ಮೂರು ಕಾಗದಗಳಲ್ಲೂ ಮೊತ್ತ, ಬ್ಯಾಂಕ್, ಉದ್ದೇಶ ಒಂದೇ ಇರಬೇಕು. ಸಲ್ಲಿಸಿದ 15ಸಿಎಯನ್ನು ಏಳು ದಿನದೊಳಗೆ ಹಿಂದೆ ತೆಗೆದುಕೊಳ್ಳುವ ಅವಕಾಶವಿದೆ. ನಾವು ಅದಕ್ಕೆ ಕೈ ಹಾಕಲಿಲ್ಲ, ಎ2ವನ್ನೇ 60ಕ್ಕೆ ತಿದ್ದಿಸಿದೆವು.

ಫೆಬ್ರವರಿ ಎರಡನೇ ವಾರ ಬ್ಯಾಂಕಿಗೆ ಕೊಟ್ಟ ಕಡತ ಹೀಗಿತ್ತು. ಮೇಲೆ ಮಗನ ಕೋರಿಕೆ ಪತ್ರ, ಎ2, ಮತ್ತು ಈ ವರ್ಷ ಎಲ್ಲ ಬ್ಯಾಂಕುಗಳಿಂದಲೂ ಸೇರಿ 10 ಲಕ್ಷ ಡಾಲರ್ ದಾಟಿಲ್ಲ ಎಂಬ ಮುಚ್ಚಳಿಕೆ. ಅದರ ಕೆಳಗೆ ಪಾಸ್‌ಪೋರ್ಟ್, ವೀಸಾ, ಪ್ಯಾನ್. ಆಮೇಲೆ 1988ರಿಂದ 2024ರ ತನಕದ ಆಸ್ತಿ ಕಾಗದಗಳು, ವರ್ಷದ ಸರದಿಯಲ್ಲಿ, ಅಧಿಕಾರ ಪತ್ರದೊಂದಿಗೆ. ಜಮೆಯಾದ ದಿನದಿಂದ ಇಂದಿನ ತನಕದ ಖಾತೆಯ ಸ್ಟೇಟ್‌ಮೆಂಟ್, ರೊಕ್ಕ ಹಿಂದಿರುಗಿಸಿದ್ದರ ವಿವರಣೆ ಪತ್ರ. ಕೊನೆಗೆ 16ಎ, 15ಸಿಬಿ, 15ಸಿಎ, ಜೊತೆಗೆ ರೊಕ್ಕದ ಮೂಲದ ಬಗ್ಗೆ ನನ್ನ ಇನ್ನೊಂದು ಪತ್ರ. ಈ ಎರಡನೇ ಪತ್ರವನ್ನು ಕೆಲವು ಬ್ಯಾಂಕುಗಳು ಕೇಳುತ್ತವೆ, ಕೆಲವು ಕೇಳುವುದಿಲ್ಲ. 80 ಲಕ್ಷ ಹೇಗೆ ಬಂತು, ಎಷ್ಟು ತೆರಿಗೆಗೆ ಹೋಯಿತು, ಎಷ್ಟು ಉಳಿಯಿತು, ಅದರಲ್ಲಿ ಎಷ್ಟು ಕಳಿಸುತ್ತಿದ್ದಾರೆ ಎಂದು ಒಂದೇ ಪುಟದಲ್ಲಿ ಬರೆದಿರುತ್ತದೆ. ಕೇಳದಿದ್ದರೂ ನಾನು ಹಾಕುತ್ತೇನೆ, ಕಡತ ಓದುವವರು ಅದನ್ನೇ ಮೊದಲು ಓದುತ್ತಾರೆ.

ನಾಲ್ಕನೇ ದಿನ ರೊಕ್ಕ ದುಬೈ ತಲುಪಿತು.

ಇದೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯಡಿ ನಡೆದದ್ದು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದು ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ, ಆ ದಿನದ ನಂತರ ಕಳಿಸುವವರು ಇಲ್ಲಿನ ಸಂಖ್ಯೆಗಳನ್ನು ಹಾಗೆಯೇ ಎತ್ತಿಕೊಳ್ಳದೆ ಬ್ಯಾಂಕಿನಲ್ಲಿ ಈಗಿನ ನಮೂನೆ ಯಾವುದೆಂದು ಕೇಳಿಕೊಳ್ಳಬೇಕು.

2025ರಲ್ಲಿ ಮಗನ ರಿಟರ್ನ್ ಸಲ್ಲಿಸಿದೆವು. ಹೆಚ್ಚಾಗಿ ಕಡಿತವಾಗಿದ್ದ 1,14,400 ರೂಪಾಯಿ ಕೆಲವು ತಿಂಗಳಿಗೆ ಎನ್‌ಆರ್‌ಒ ಖಾತೆಗೆ ಬಂತು. ಅವನು ಮತ್ತೆ ಫೋನ್ ಮಾಡಿದ: "ಸರ, ಇದಕ್ಕೂ ಮತ್ತ ಅಷ್ಟೆಲ್ಲಾ ಕಾಗದ ಬೇಕಾ?" ಬೇಡ ಎಂದೆ. ಹೊಸ ಹಣಕಾಸು ವರ್ಷದಲ್ಲಿ ಅವನು ಬೇರೇನೂ ಕಳಿಸಿರಲಿಲ್ಲ. ವರ್ಷದ ಒಟ್ಟು ಐದು ಲಕ್ಷದೊಳಗಿದ್ದರೆ 15ಸಿಎಯ ಭಾಗ ಎ ಸಾಕು, 15ಸಿಬಿ ಬೇಕಿಲ್ಲ. ಎ2 ತುಂಬಿ, ಮೊತ್ತವನ್ನು ಎರಡೂ ಕಡೆ ಒಂದೇ ಬರೆಯಲು ಹೇಳಿದೆ.